ಮೂಲೆಯಲ್ಲಿ ಉಳಿದ B

"ಮಾನ್ಯ ಸಂಪಾದಕರೇ, ಬ್ಲಾಕ್ ತ್ರಿಕೋನ ಮಾತೃಕೆಗಳ ಐಗನ್‌ಮೌಲ್ಯಗಳನ್ನು ಕುರಿತ ಲೇಖನ ಕಳಿಸಿದ್ದೇನೆ. ಸಾಧನೆಯನ್ನು ಆದಷ್ಟು ಸರಳವಾಗಿ ಬರೆದಿದ್ದೇನೆ. ಪ್ರಕಟಿಸಬಹುದೇ?"

ಮಾನ್ಯರೇ,

ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಮೇಲಿನ ಸಾಲಿನಲ್ಲಿ A, B ಮತ್ತು ಕೆಳಗಿನ ಸಾಲಿನಲ್ಲಿ 0, D ಬ್ಲಾಕುಗಳಿರುವ ಮಾತೃಕೆ M ನ ಐಗನ್‌ಮೌಲ್ಯಗಳು A ಮತ್ತು D ಗಳ ಐಗನ್‌ಮೌಲ್ಯಗಳೇ ಎಂಬ ತಮ್ಮ ತೀರ್ಮಾನ ಸರಿಯಾಗಿದೆ, ಸಾಧನೆ ಸರಿಯಾಗಿಲ್ಲ. Av = λv ಆಗಿದ್ದರೆ v ಯ ಕೆಳಗೆ ಸೊನ್ನೆಗಳನ್ನು ಸೇರಿಸಿದಾಗ ಇಡೀ ಮಾತೃಕೆ M ನ ಐಗನ್‌ಸದಿಶ ಸಿಗುತ್ತದೆ ಎಂಬ ಮೊದಲ ಹೆಜ್ಜೆಗೆ ಆಕ್ಷೇಪವಿಲ್ಲ. ಆದರೆ ಅದರ ಬೆನ್ನಿಗೇ "ಹಾಗೆಯೇ" ಎಂದು ಬರೆದು, D ಯ ಐಗನ್‌ಸದಿಶ w ನ ಮೇಲೆ ಸೊನ್ನೆಗಳನ್ನಿಟ್ಟು ಅದೇ ಮಾತು ಹೇಳಿದ್ದೀರಿ. ಗುಣಿಸಿ ನೋಡಿದರೆ ಕೆಳಗೆ Dw ಬರುತ್ತದೆ, ಮೇಲೆ Bw ಬರುತ್ತದೆ, ಮತ್ತು ಆ Bw ಸೊನ್ನೆಯಾಗಲು ಯಾವ ಕಾರಣವೂ ಇಲ್ಲ. ಇದನ್ನು ಹೇಗೋ ಸರಿಪಡಿಸಿದರೂ, ಒಂದು ಐಗನ್‌ಮೌಲ್ಯ ಎಷ್ಟು ಸಲ ಪುನರಾವರ್ತನೆಯಾಗುತ್ತದೆ ಎಂಬುದು ಐಗನ್‌ಸದಿಶಗಳಿಂದ ತಿಳಿಯುವುದಿಲ್ಲ. ಆದ್ದರಿಂದ ನಿರ್ಧಾರಕದಿಂದಲೇ ಹೊರಡಬೇಕು.

```
[A B]   [I 0] [I B] [A 0]
[0 D] = [0 D] [0 I] [0 I]
```

ಬಲಬದಿಯ ಮೊದಲ ಮಾತೃಕೆಯನ್ನು I ಇರುವ ಅಡ್ಡಸಾಲುಗಳಲ್ಲಿ ವಿಸ್ತರಿಸಿದರೆ ನಿರ್ಧಾರಕವಾಗಿ det D ಉಳಿಯುತ್ತದೆ. ಮೂರನೆಯದರಿಂದ ಹೀಗೆಯೇ det A ಬರುತ್ತದೆ. ನಡುವಿನದು ಕರ್ಣದಲ್ಲೆಲ್ಲ 1 ಇರುವ ತ್ರಿಕೋನ ಮಾತೃಕೆ, ಆದ್ದರಿಂದ ಅದರ ನಿರ್ಧಾರಕ 1. B ಇರುವುದು ಆ ಒಂದರಲ್ಲಿ ಮಾತ್ರ. ಲಾಕ್ಷಣಿಕ ಬಹುಪದೋಕ್ತಿಯಲ್ಲಿ ಅದು ಕಾಣದಿರುವುದಕ್ಕೆ ಕಾರಣ ಇದೇ. A ಮತ್ತು D ಚೌಕ ಮಾತೃಕೆಗಳಾಗಿರುವುದರಿಂದ λI ಯನ್ನು ಕಳೆಯುವಾಗ ಬದಲಾಗುವುದು ಅವೆರಡೇ, ಹಾಗಾಗಿ det(M − λI) = det(A − λI)·det(D − λI). ತಾವು ಕೊಟ್ಟಿರುವ ಎರಡನೆಯ ಸಾಧನೆಗೆ A − λI ಯ ವಿಲೋಮ ಬೇಕು, ಅದಾದರೋ ನಮಗೆ ಮುಖ್ಯವಾದ λ ಗಳಲ್ಲೇ ಇರುವುದಿಲ್ಲ. ಇಲ್ಲಿ ಆ ತೊಡಕಿಲ್ಲ.

"B ಯಿಂದ ಯಾವ ವ್ಯತ್ಯಾಸವೂ ಇಲ್ಲ" ಎಂಬ ವಾಕ್ಯವನ್ನಂತೂ ಹಾಗೆಯೇ ಬಿಡಲಾಗದು. ಈ ಉದಾಹರಣೆಯನ್ನು ಸೇರಿಸಿ:

```
    [1 2 p]
M = [3 2 q]
    [0 0 4]
```

ಮೇಲಿನ ಎಡ ಬ್ಲಾಕಿನ ಬಹುಪದೋಕ್ತಿ λ² − 3λ − 4, ಅಂದರೆ (λ − 4)(λ + 1). ಕೆಳಗಿನ ಬ್ಲಾಕ್ 4 ಎಂಬ ಒಂದೇ ಸಂಖ್ಯೆ. ಹೀಗಾಗಿ p, q ಏನೇ ಆಗಿರಲಿ, M ನ ಐಗನ್‌ಮೌಲ್ಯಗಳು 4, 4, −1. ಈಗ p = 1, q = −1 ಎಂದಿಟ್ಟರೆ 4 ಕ್ಕೆ (2, 3, 0) ಮತ್ತು (1, 0, 3) ಎಂಬ ಎರಡು ಸ್ವತಂತ್ರ ಐಗನ್‌ಸದಿಶಗಳು ದೊರೆಯುತ್ತವೆ. q ವನ್ನು ಸೊನ್ನೆ ಮಾಡಿದರೆ, (M − 4I) ನ ಮೊದಲೆರಡು ಅಡ್ಡಸಾಲುಗಳನ್ನು ಕೂಡಿದಾಗ ಸದಿಶದ ಮೂರನೆಯ ಘಟಕ ಸೊನ್ನೆಯೇ ಆಗಬೇಕೆಂದು ತಿಳಿಯುತ್ತದೆ; (2, 3, 0) ಮತ್ತು ಅದರ ಗುಣಕಗಳ ಹೊರತು ಬೇರೇನೂ ಉಳಿಯುವುದಿಲ್ಲ, M ಅನ್ನು ಕರ್ಣ ರೂಪಕ್ಕೆ ತರಲಾಗುವುದಿಲ್ಲ. B ಯ ಪ್ರಭಾವ ಇಲ್ಲಿದೆ. A ಮತ್ತು D ಗಳಿಗೆ ಸಮಾನ ಐಗನ್‌ಮೌಲ್ಯ ಒಂದೂ ಇಲ್ಲದಿದ್ದರೆ XD − AX = B ಎಂಬ ಸಮೀಕರಣಕ್ಕೆ ಪರಿಹಾರ ಇದ್ದೇ ಇರುತ್ತದೆ, ಆ X ನ ನೆರವಿನಿಂದ ಆಧಾರವನ್ನು ಬದಲಿಸಿ B ಯನ್ನು ಪೂರ್ತಿ ತೆಗೆದುಹಾಕಬಹುದು. ಮೇಲಿನ ಉದಾಹರಣೆಯಲ್ಲಿ 4 ಎರಡೂ ಕಡೆ ಇರುವುದರಿಂದಲೇ ತೊಂದರೆ ಹುಟ್ಟಿತು.

ಕೊನೆಯ ಪುಟದಲ್ಲಿ, ಕೆಳ ಮೂಲೆಯಲ್ಲಿ C ಇದ್ದಾಗ ನಿರ್ಧಾರಕ det A·det D − det B·det C ಆಗುತ್ತದೆ ಎಂದಿದ್ದೀರಿ. ಅದು ಸಾಮಾನ್ಯವಾಗಿ ನಿಜವಲ್ಲ, ತೆಗೆದುಬಿಡಿ. ತಿದ್ದಿದ ಪ್ರತಿಯನ್ನು ಓದಲು ನಾನು ಸಿದ್ಧನಿದ್ದೇನೆ.