ಅಮ್ಮನ ಪಕ್ಕದಲ್ಲಿ ಅಪ್ಪ

ಪ್ರಶ್ನೆ: ನಮ್ಮ ಊರಿನಲ್ಲಿ ಸಣ್ಣ ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ಒಬ್ಬ ತಾಯಿ ಬಂದು, ತೀರಿಹೋದ ಯಜಮಾನರನ್ನು ಐವತ್ತನೇ ಮದುವೆ ವಾರ್ಷಿಕೋತ್ಸವದ ಫೋಟೋದಲ್ಲಿ ತಮ್ಮ ಪಕ್ಕ ಸೇರಿಸಿಕೊಡಿ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ? ನಿಜವೆನಿಸುವಂತೆ ಮಾಡುವುದು ಹೇಗೆ?

ಒಪ್ಪಿಕೊಳ್ಳಿ. ಆದರೆ ಯಜಮಾನರ ಫೋಟೋ ನಿಮ್ಮ ಕೈಗೆ ಬರುವವರೆಗೆ ತಾಯಿಯವರ ಫೋಟೋ ತೆಗೆಯಬೇಡಿ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ನನ್ನ ಬಳಿ ಬಂದ ಒಬ್ಬ ಅಮ್ಮನ ಕತೆ ಹೇಳುತ್ತೇನೆ.

ಆಕೆ ಮಲೆನಾಡಿನ ಅಡಿಕೆ ತೋಟದ ಮನೆಯವರು, ಎಪ್ಪತ್ತರ ಆಸುಪಾಸು. ಮಗನ ಜೊತೆ ಬಂದವರು ಚೀಲದಿಂದ ದೊಡ್ಡದೊಂದು ಫ್ರೇಮ್ ತೆಗೆದು ಮೇಜಿನ ಮೇಲಿಟ್ಟರು. ಬೇರೊಂದು ಕಡೆ ಮಾಡಿಸಿದ್ದಂತೆ. ಅಮ್ಮ ರೇಷ್ಮೆ ಸೀರೆಯಲ್ಲಿ ಕುಳಿತಿದ್ದಾರೆ, ಪಕ್ಕದಲ್ಲಿ ಕರಿ ಕೋಟು ತೊಟ್ಟ ಗಂಡಸು. "ಎಲ್ಲ ಚೆನ್ನಾಗಿಯೇ ಇದೆ ಅಂತಾರೆ. ಆದರೆ ಇವರು ನಮ್ಮ ಮನೆಯವರಲ್ಲ" ಎಂದರು. ಮಗ, "ಅಪ್ಪನ ಫೋಟೋದಿಂದಲೇ ತೆಗೆದದ್ದು, ಅಮ್ಮನಿಗೆ ಹೇಳಿದರೆ ಕೇಳುವುದಿಲ್ಲ" ಎಂದು ನನ್ನ ಮುಖ ನೋಡಿದ.

ಮೂಲ ಫೋಟೋ ಕೇಳಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅಮ್ಮ ಹೇಳಿದ್ದೇ ಸರಿ. ಮೂಲದಲ್ಲಿ ಬೈತಲೆ ಅವರ ಎಡಕ್ಕಿತ್ತು, ಫ್ರೇಮಿನಲ್ಲಿ ಬಲಕ್ಕಿತ್ತು. ಕೆನ್ನೆಯ ಮಚ್ಚೆಯೂ ಆಚೆ ಬದಿಗೆ ಹೋಗಿತ್ತು. ಅಂದರೆ ಮುಖವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಮಗುಚಿದ್ದರು. ಕಾರಣವೂ ತಿಳಿಯಿತು. ಯಜಮಾನರ ಮುಖಕ್ಕೆ ಬೆಳಕು ಒಂದು ಕಡೆಯಿಂದ, ಅಮ್ಮನ ಮುಖಕ್ಕೆ ಇನ್ನೊಂದು ಕಡೆಯಿಂದ ಬಿದ್ದಿತ್ತು. ಎರಡನ್ನೂ ಹೊಂದಿಸಲು ಕಂಪ್ಯೂಟರಿನಲ್ಲಿ ಅದೇ ಸುಲಭದ ದಾರಿ. ಆದರೆ ಯಾರ ಮುಖದ ಎರಡು ಬದಿಯೂ ಒಂದೇ ಥರ ಇರುವುದಿಲ್ಲ. ಹೊರಗಿನವರಿಗೆ ಗೊತ್ತಾಗದ ಆ ವ್ಯತ್ಯಾಸ ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಬೈತಲೆಯ ವಿಷಯ ಹೇಳಿದಾಗ ಅಮ್ಮ ಮಗನ ಕಡೆ ತಿರುಗಿ, "ನೋಡಿದೆಯಾ?" ಎಂದಷ್ಟೇ ಅಂದರು. ಆಮೇಲೆ ನೆನಪಾದವರಂತೆ, "ಕೋಟು ಅವರು ಮದುವೆಗೂ ಹಾಕಿದವರಲ್ಲ" ಎಂದು ಸೇರಿಸಿದರು.

ಮನೆಯಲ್ಲಿರುವ ಫೋಟೋಗಳನ್ನೆಲ್ಲ ತರಲು ಹೇಳಿದೆ. ಪಾಸ್‌ಪೋರ್ಟ್ ಅಳತೆಯವು, ಆಲ್ಬಮ್ಮಿನವು ಎಲ್ಲ ಬಂದವು. ಅವುಗಳಲ್ಲಿ ಒಂದು ಮಾತ್ರ ನನಗೆ ಹಿಡಿಸಿತು. ಜಗಲಿಯ ಬೆಂಚಿನ ಮೇಲೆ ಬಿಳಿ ಅಂಗಿ ತೊಟ್ಟು ಕುಳಿತು, ಏನೋ ಮಾತಿಗೆ ನಗುತ್ತಿದ್ದಾರೆ. ಎಡ ಭುಜದ ಮೇಲೆ ಪಕ್ಕದಲ್ಲಿದ್ದ ತಮ್ಮನ ಕೈ. ಕಣ್ಣಿನ ಪಾಪೆಯಲ್ಲಿ ಫ್ಲ್ಯಾಷಿನ ಬಿಳಿ ಚುಕ್ಕೆ ಇಲ್ಲ, ಬದಿಯಲ್ಲಿ ಅಂಗಳದ ಅಗಲವಾದ ಹೊಳಪಿದೆ. ಮೂಗಿನ ನೆರಳು ಮೆತ್ತಗೆ ಎಡ ಕೆನ್ನೆಗೆ ಬಿದ್ದಿದೆ. ಬೆಳಕು ಎಲ್ಲಿಂದ ಬಂತೆಂದು ತಿಳಿಯಲು ಈ ಎರಡು ಗುರುತು ಸಾಕು.

ತೊಂದರೆ ಎಂದರೆ ಅದು ನಾಲ್ಕು-ಆರು ಇಂಚಿನ ಪ್ರಿಂಟ್. ಅದರಲ್ಲಿ ಮುಖ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಸ್ಕ್ಯಾನರಿನಲ್ಲಿ ಎಷ್ಟು ಡಿಪಿಐ ಇಟ್ಟರೂ ಕಾಗದದಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. "ನೆಗೆಟಿವ್ ಇದೆಯೇ?" ಎಂದು ಕೇಳಿದೆ. ಇದನ್ನು ಕೇಳಲು ನೀವೂ ಮರೆಯಬೇಡಿ. ಅದು ಫೋಟೋ ಅಲ್ಲವೆಂದುಕೊಂಡು ಜನ ತರುವುದೇ ಇಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ, ಲ್ಯಾಬಿನವರು ಕೊಟ್ಟ ಲಕೋಟೆಯಲ್ಲೇ ಪಟ್ಟಿಗಳು ಸಿಕ್ಕವು. ಒಂದೆರಡು ಕಡೆ ಬೂಷ್ಟು ಹಿಡಿದಿತ್ತು, ಮುಖದ ಮೇಲೆ ಇರಲಿಲ್ಲ. ಪ್ರಿಂಟಿನಿಂದ ಸಿಗುವುದಕ್ಕಿಂತ ಎಷ್ಟೋ ಹೆಚ್ಚಿನ ವಿವರ ಅದರಲ್ಲಿತ್ತು. ನಿಮಗೆ ನೆಗೆಟಿವ್ ಸಿಗದೆ, ಪ್ರಿಂಟ್ ಉಬ್ಬು ಉಬ್ಬು ಮೇಲ್ಮೈಯ ಮ್ಯಾಟ್ ಕಾಗದದ್ದಾಗಿದ್ದರೆ, ನೇರ ಇಟ್ಟು ಒಮ್ಮೆ, ತಲೆಕೆಳಗಾಗಿ ಇಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಎರಡನೆಯದನ್ನು ನೇರ ತಿರುಗಿಸಿ ಮೊದಲನೆಯದರ ಮೇಲೆ ಅರ್ಧ ಪಾರದರ್ಶಕವಾಗಿ ಕೂರಿಸಿದರೆ ಉಬ್ಬುಗಳ ನೆರಳು ಬಹುಪಾಲು ಅಳಿಯುತ್ತದೆ.

ಆ ಜಗಲಿ ಇನ್ನೂ ಹಾಗೆಯೇ ಇದೆ ಎಂದು ಗೊತ್ತಾದ ಮೇಲೆ ಸ್ಟುಡಿಯೋದಲ್ಲಿ ತೆಗೆಯುವ ಯೋಚನೆಯನ್ನೇ ಬಿಟ್ಟೆ. ಕ್ಯಾಮೆರಾ, ಟ್ರೈಪಾಡ್ ಹೊತ್ತು ಅವರ ಮನೆಗೇ ಹೋದೆ. ಹಳೆಯ ಚಿತ್ರದಲ್ಲಿ ಕಂಬ, ಬೆಂಚು, ಬಾಗಿಲ ಚೌಕಟ್ಟು ಒಂದಕ್ಕೊಂದು ಎಲ್ಲಿ ಸೇರುತ್ತವೋ ನನ್ನ ಕ್ಯಾಮೆರಾದಲ್ಲೂ ಅಲ್ಲೇ ಸೇರುವವರೆಗೆ ಹಿಂದೆ ಮುಂದೆ ಸರಿದೆ. ಹೀಗೆ ಮಾಡಿದರೆ ದೂರ, ಎತ್ತರ ಎರಡೂ ತಾವಾಗಿ ಹೊಂದುತ್ತವೆ. ದೂರ ತಪ್ಪಿದರೆ ಒಬ್ಬರ ಮೂಗು ಉಬ್ಬಿ, ಇನ್ನೊಬ್ಬರ ಮುಖ ಚಪ್ಪಟೆಯಾಗಿ ಕಾಣುತ್ತದೆ. ಅದನ್ನು ಆಮೇಲೆ ತಿದ್ದಲು ಬರುವುದಿಲ್ಲ.

ಯಜಮಾನರ ಜಾಗದಲ್ಲಿ ಮಗನಿಗೆ ಬಿಳಿ ಅಂಗಿ ಹಾಕಿಸಿ ಕೂರಿಸಿದೆ. ಪಕ್ಕದಲ್ಲಿ ನಿಜವಾಗಿ ಒಬ್ಬರು ಕುಳಿತರೆ ಅವರ ನೆರಳು ಅಮ್ಮನ ಸೆರಗಿನ ಮೇಲೆ ಬೀಳುತ್ತದೆ, ಅಂಗಿಯ ಬಿಳುಪು ಸ್ವಲ್ಪ ಅವರ ಗಲ್ಲಕ್ಕೂ ತಾಗುತ್ತದೆ. ಇವೆರಡೂ ಇಲ್ಲದಿದ್ದರೆ ಎಷ್ಟು ನಾಜೂಕಾಗಿ ಕತ್ತರಿಸಿದರೂ ಸ್ಟಿಕರ್ ಅಂಟಿಸಿದ ಹಾಗೆಯೇ. ಅಮ್ಮನನ್ನು ಪದ್ಧತಿಯಂತೆ ಗಂಡನ ಎಡಕ್ಕೆ, ಭುಜ ತುಸು ಮುಂದೆ ಬರುವಂತೆ ಕೂರಿಸಿದೆ. ಮೈದುನನ ಕೈ ಇದ್ದ ಜಾಗ ಹಾಗೆ ಮುಚ್ಚಿಹೋಯಿತು.

ಅಮ್ಮ ಮಗನನ್ನು ಒಮ್ಮೆ ನೋಡಿ, "ಅಪ್ಪ ಇನ್ನೂ ಎತ್ತರ" ಎಂದು ಎದ್ದು ಒಳಗೆ ಹೋಗಿ ಜಮಖಾನ ತಂದರು. ಮಡಿಸಿ ಅವನ ಕೆಳಗಿಟ್ಟರು, ಸಾಲದೆಂದು ಇನ್ನೊಂದು ಮಡಿಕೆ ಹಾಕಿದರು. ನಾನು ಲ್ಯಾಪ್‌ಟಾಪಿನಲ್ಲಿ ಹಳೆಯ ಚಿತ್ರ ತೆರೆದು ಕಂಬದ ಕೆತ್ತನೆಗೆ ಹೋಲಿಸಿದೆ. ಮಗನ ಕಣ್ಣು ಅಪ್ಪನ ಕಣ್ಣಿದ್ದ ಗೆರೆಗೇ ಬಂದಿತ್ತು. ಅಮ್ಮ ಎತ್ತ ಓರೆಯಾಗಬೇಕೆಂದು ಮತ್ತೆ ನಾನು ಹೇಳಲಿಲ್ಲ.

ಕಂಪ್ಯೂಟರಿನ ಕೆಲಸದಲ್ಲಿ ಹೇಳಬೇಕಾದದ್ದು ಒಂದೇ. ಹಳೆಯ ಮುಖವನ್ನು ಚುರುಕು ಮಾಡಲು ಹೋಗಬೇಡಿ, ಹೊಸದನ್ನು ಮೆತ್ತಗೆ ಮಾಡಿ. ಅಮ್ಮನ ಚಿತ್ರದ ಚೂಪು ತಗ್ಗಿಸಿ, ಫಿಲ್ಮಿನ ಕಾಳನ್ನು ಅದಕ್ಕೂ ಸೇರಿಸಿದೆ. ಹಳೆಯ ಬಣ್ಣದ ಹಳದಿ ಛಾಯೆಯನ್ನು ಅರ್ಧ ತೆಗೆದು, ಉಳಿದರ್ಧಕ್ಕೆ ಹೊಸದನ್ನು ಹೊಂದಿಸಿದೆ. ಅಳತೆಯನ್ನು ಎಂಟು-ಹನ್ನೆರಡು ಇಂಚಿಗೆ ನಿಲ್ಲಿಸಿದೆ. ಮಗನಿಗೆ ಇನ್ನೂ ದೊಡ್ಡದು ಬೇಕಿತ್ತು. ಮುಖ ಕಲಸಿದಂತಾಗುತ್ತದೆ ಎಂದು ಒಪ್ಪಲಿಲ್ಲ.

ಅವನದೇ ಇನ್ನೊಂದು ಬೇಡಿಕೆ ಇತ್ತು: ಅಪ್ಪ ಐವತ್ತರ ಆಸುಪಾಸಿನವರಂತೆ ಕಾಣುತ್ತಾರೆ, ಅಮ್ಮನಿಗೆ ಎಪ್ಪತ್ತು, ನೋಡಿದವರು ಏನೆಂದಾರು, ಕೂದಲು ಬೆಳ್ಳಗೆ ಮಾಡಿ ನಾಲ್ಕು ಸುಕ್ಕು ಬರೆಯಿರಿ. ಇಂಥದ್ದನ್ನು ನಾನು ಮಾಡುವುದಿಲ್ಲ. ಬದುಕಿದ್ದರೆ ಆ ಮುಖ ಹೇಗಾಗುತ್ತಿತ್ತೆಂದು ಯಾರೂ ಕಂಡಿಲ್ಲ. ಬರೆದದ್ದು ಬೇರೆ ಯಾರದೋ ಮುಖವಾಗುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಅವರಿಗೆ ವಯಸ್ಸಾದದ್ದನ್ನು ನಾನೇ ನೋಡಿಲ್ಲ, ಇವರು ಎಲ್ಲಿ ನೋಡಿರುತ್ತಾರೆ?" ಎಂದರು. ಅಲ್ಲಿಗೆ ಅದು ಮುಗಿಯಿತು.

ನೀವು ಮುಂಚಿತವಾಗಿ ಮಾತಾಡಿಕೊಳ್ಳಬೇಕಾದ ಇನ್ನೊಂದು ವಿಷಯ ಫ್ರೇಮ್. ತೀರಿಹೋದವರ ಫೋಟೋ ಎಂದರೆ ಫ್ರೇಮಿನವರು ಕೇಳದೆಯೇ ಹಾರಕ್ಕೆ ಕೊಕ್ಕೆ, ಮೇಲೊಂದು ಸಣ್ಣ ಬಲ್ಬು ಕೂರಿಸಿಬಿಡುತ್ತಾರೆ. ಬದುಕಿರುವವರು ಜೊತೆಯಲ್ಲಿರುವ ಚಿತ್ರಕ್ಕೆ ಹಾರ ಹಾಕಿದರೆ ಮನೆಯ ಹಿರಿಯರು ಸುಮ್ಮನಿರುವುದಿಲ್ಲ. ನಾನು ಯಜಮಾನರೊಬ್ಬರದೇ ಚಿತ್ರವನ್ನೂ ಬೇರೆಯಾಗಿ ಪ್ರಿಂಟ್ ಮಾಡಿಕೊಟ್ಟೆ, ನೆಗೆಟಿವ್ ಹೇಗೂ ಕೈಯಲ್ಲಿತ್ತು. ದೇವರ ಕೋಣೆಯ ಹೊರಗೆ ಅದು, ಜಗಲಿಯ ಗೋಡೆಗೆ ಇದು. ಕೊಕ್ಕೆ ಬೇಕೇ ಎಂದು ಫ್ರೇಮಿನ ಹುಡುಗ ಫೋನ್ ಮಾಡಿ ಕೇಳಿದಾಗ ಅಮ್ಮ, "ಒಳಗೆ ನಾನೂ ಇದ್ದೇನಲ್ಲಪ್ಪ, ಸ್ವಲ್ಪ ತಡಿ" ಎಂದರಂತೆ.