ಮೈಲೇಜು ಇಳಿದದ್ದಕ್ಕೆ ಗಾಳಿಯೊಂದೇ ಕಾರಣವಲ್ಲ

“ಸಣ್ಣ ಪೆಟ್ರೋಲ್ ಕಾರಿನಲ್ಲಿ ಒಬ್ಬನೇ 80ರಲ್ಲಿ ಹೋದರೆ ಲೀಟರಿಗೆ 20 ಕಿ.ಮೀ. ಬರುತ್ತದೆ. ಮೊನ್ನೆ ನಾಲ್ವರು ಬಾಗಲಕೋಟೆಯಿಂದ ಬೆಳಗಾವಿಗೆ 100ರಲ್ಲಿ ಹೋದಾಗ 16 ಬಂತು. ಟೈರಿನಲ್ಲಿ 33ರ ಬದಲು 27 ಇತ್ತು, ಅದೇ ಕಾರಣವೇ?”

ಗಾಳಿಯ ಪಾಲು ಚಿಕ್ಕದು, ಸರಿಸುಮಾರು ಶೇ. 2. ಸಾಮಾನು ಸೇರಿ ಹೆಚ್ಚಿದ 200 ಕಿಲೊ ಭಾರಕ್ಕೆ ಶೇ. 5ರಷ್ಟು ಹಿಡಿಯಬಹುದು, ಊರೊಳಗೆ ಪದೇ ಪದೇ ನಿಲ್ಲಿಸಿ ಎತ್ತುವಾಗ ಅದು ಇನ್ನೂ ಹೆಚ್ಚು. ಉಳಿದದ್ದೆಲ್ಲ ವೇಗದ್ದೇ: ಎದುರುಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 80ರಿಂದ 100ಕ್ಕೆ ಹೋದಾಗ ಆ ತಡೆ ಒಂದೂವರೆ ಪಟ್ಟು ದಾಟಿ, ಪೆಟ್ರೋಲ್ ಖರ್ಚು ಶೇ. 17ರಷ್ಟು ಹೆಚ್ಚುತ್ತದೆ. 1.02, 1.05, 1.17 ಮೂರನ್ನೂ ಗುಣಿಸಿದರೆ ಸುಮಾರು 1.25, ಅಂದರೆ ಪೆಟ್ರೋಲ್ ಶೇ. 25 ಹೆಚ್ಚು; 20ನ್ನು 1.25ರಿಂದ ಭಾಗಿಸಿದರೆ ನಿಮ್ಮ 16. ಅಂದಹಾಗೆ, ಆ 27ನ್ನು ಬಿಸಿಲಲ್ಲಿ ಓಡಿಸಿದ ಮೇಲೆ ಅಳೆದಿದ್ದರೆ, ತಣ್ಣಗಿನ ಟೈರಿನಲ್ಲಿ ಅದು 24ರ ಆಸುಪಾಸು ಇದ್ದೀತು.