ರಾಜ್ಯ ಬದಲಿಸಿದ ಕಂಪನಿ: ಸಿಐಎನ್ ಎರಡು, ಕಂಪನಿ ಒಂದೇ

ಪ್ರಶ್ನೆ: ನಮಗೆ ಮಾಲು ಕೊಡುವ ಕಂಪನಿಯ ಹಳೆಯ ಒಪ್ಪಂದದಲ್ಲಿ ಒಂದು ಸಿಐಎನ್, ಅಂದರೆ ಕಂಪನಿ ಗುರುತಿನ ಸಂಖ್ಯೆ, ಇದೆ, ಹೊಸ ಬಿಲ್ಲಿನಲ್ಲಿ ಇನ್ನೊಂದು ಇದೆ. ಹೆಸರು ಅದೇ, ವಿಳಾಸ ಮಾತ್ರ ಬೇರೆ ರಾಜ್ಯದ್ದು. ಹಳೆಯ ಕಂಪನಿ ಮುಚ್ಚಿಹೋಯಿತೇ? ಹೊಸದರ ಜೊತೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕೇ?

ದಯವಿಟ್ಟು ಹೊಸ ಒಪ್ಪಂದಕ್ಕೆ ಸಹಿ ಹಾಕಬೇಡಿ, ಹೊಸ ಖಾತೆಯನ್ನೂ ತೆರೆಯಬೇಡಿ. ನಾನು ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದಾಗ ಇದೇ ಸನ್ನಿವೇಶ ನನ್ನ ಮೇಜಿಗೆ ಬಂದಿತ್ತು, ಮತ್ತು ಅದನ್ನು ನಾನು ತಪ್ಪಾಗಿ ಓದಿದ್ದರಿಂದ ನಮ್ಮ ಸಂಸ್ಥೆಯ 4,20,000 ರೂಪಾಯಿ ಎಂಟು ತಿಂಗಳು ಹೊರಗೆ ಸಿಕ್ಕಿಹಾಕಿಕೊಂಡಿತು.

ನಮಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಕಂಪನಿಯೊಂದಕ್ಕೆ ಆ ಮೊತ್ತವನ್ನು ಮುಂಗಡವಾಗಿ ಕೊಟ್ಟಿದ್ದೆವು. ಕೆಲವು ತಿಂಗಳ ನಂತರ ಅವರಿಂದ 11,00,000 ರೂಪಾಯಿಯ ಬಿಲ್ಲು ಬಂದಿತು. ಅದರ ತಲೆಬರಹದಲ್ಲಿ ಹೆಸರು ಅದೇ ಇದ್ದರೂ ವಿಳಾಸ, ಜಿಎಸ್‌ಟಿ ಸಂಖ್ಯೆ ಮತ್ತು ಸಿಐಎನ್ ಮೂರೂ ಬೇರೆಯಾಗಿದ್ದವು. ನಮ್ಮ ವೆಂಡರ್ ಪಟ್ಟಿಯಲ್ಲಿ ಒಂದು ಸಿಐಎನ್‌ಗೆ ಒಂದು ಕೋಡ್ ಎಂಬ ನಿಯಮವಿತ್ತು. ಹೊಸ ಸಿಐಎನ್ ನಮೂದಿಸಿದಾಗ ತಂತ್ರಾಂಶ ಹಳೆಯ ಖಾತೆಯನ್ನು ಗುರುತಿಸಲಿಲ್ಲ, ಹೊಸ ಕೋಡ್ ಕೇಳಿತು. ಕೊಡುವ ಮೊದಲು ನಾನು ಪರಿಶೀಲಿಸದೆ ಇರಲಿಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ ಹಳೆಯ ಸಂಖ್ಯೆಯನ್ನು ಹಾಕಿ ನೋಡಿದಾಗ ‘Cancelled on application of Taxpayer’ ಎಂದು ಬಂದಿತು. ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲಿನಲ್ಲಿ ಹಳೆಯ ಸಿಐಎನ್ ಹುಡುಕಿದಾಗ ಅದು ‘Inactive CIN’ ಎಂಬ ವಿಭಾಗದಡಿ ಸಿಕ್ಕಿತು. ಎರಡು ಸರ್ಕಾರಿ ದಾಖಲೆಗಳು ಒಂದೇ ಮಾತು ಹೇಳುತ್ತಿವೆ, ಹಳೆಯ ಕಂಪನಿ ಮುಚ್ಚಿದೆ, ಅದೇ ಹೆಸರಿನಲ್ಲಿ ಹೊಸದೊಂದು ಹುಟ್ಟಿದೆ ಎಂದು ತೀರ್ಮಾನಿಸಿ ಹೊಸ ಕೋಡ್ ತೆರೆದೆ, ಬಿಲ್ಲಿನ ಪೂರ್ತಿ ಮೊತ್ತ ಪಾವತಿಯಾಯಿತು. ಮುಂಗಡ ಹಳೆಯ ಕೋಡಿನಲ್ಲಿ ಹಾಗೆಯೇ ಉಳಿಯಿತು.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ತಪ್ಪು ಅಡಗಿದೆ. ಆ ಎರಡು ದಾಖಲೆಗಳು ಸುಳ್ಳು ಹೇಳಿರಲಿಲ್ಲ. ನಿಷ್ಕ್ರಿಯವಾಗಿದ್ದುದು ಸಂಖ್ಯೆ, ಕಂಪನಿಯಲ್ಲ. ರದ್ದಾಗಿದ್ದುದು ಒಂದು ರಾಜ್ಯದ ಜಿಎಸ್‌ಟಿ ನೋಂದಣಿ, ವ್ಯವಹಾರವಲ್ಲ. ಜಿಎಸ್‌ಟಿ ನೋಂದಣಿ ರಾಜ್ಯವಾರು ಇರುವುದರಿಂದ ಇಡೀ ವ್ಯವಹಾರವನ್ನು ಬೇರೆ ರಾಜ್ಯಕ್ಕೆ ಒಯ್ದವರು ಹಳೆಯದನ್ನು ರದ್ದುಪಡಿಸಿ ಅಲ್ಲಿ ಹೊಸದನ್ನು ಪಡೆಯಲೇಬೇಕು. ನಾನು ಸಂಖ್ಯೆಯನ್ನೇ ಕಂಪನಿ ಎಂದು ಭಾವಿಸಿದ್ದೆ. ಸಿಐಎನ್ ಹುಟ್ಟಿದಾಗಿನಿಂದ ಕೊನೆಯವರೆಗೂ ಬದಲಾಗದ ಗುರುತು ಎಂದು ನಂಬಿದ್ದೆ. ಅದು ಹಾಗಲ್ಲ; ಅದು ಕಂಪನಿಯ ಈಗಿನ ಸ್ಥಿತಿಯನ್ನು ಹೇಳುವ 21 ಅಕ್ಷರಗಳ ಸಾಲು, ಸ್ಥಿತಿ ಬದಲಾದರೆ ಸಾಲೂ ಬದಲಾಗುತ್ತದೆ.

ಸಾರ್ವಜನಿಕವಾಗಿ ಲಭ್ಯವಿರುವ ಒಂದು ಉದಾಹರಣೆಯನ್ನು ನೋಡಿ. ಇಂದಿನ ವೇದಾಂತ ಲಿಮಿಟೆಡ್ ಮೊದಲು ಸೆಸಾ ಗೋವಾ ಎಂಬ ಹೆಸರಿನಲ್ಲಿ ಗೋವಾದಲ್ಲಿ ನೋಂದಣಿಯಾಗಿತ್ತು, ನಂತರ ಅದರ ನೋಂದಾಯಿತ ಕಚೇರಿ ಮುಂಬೈಗೆ ಬಂದಿತು. ಅದರ ಹಳೆಯ ಮತ್ತು ಹೊಸ ಸಿಐಎನ್ ಹೀಗಿವೆ:

```
L13209GA1965PLC000044
L13209MH1965PLC291394
```

ಮೊದಲ ಅಕ್ಷರ ಷೇರುಪೇಟೆಯಲ್ಲಿ ಪಟ್ಟಿಯಾಗಿದೆಯೇ ಇಲ್ಲವೇ ಎಂಬುದನ್ನು, ಮುಂದಿನ ಐದು ಅಂಕಿ ಉದ್ಯಮದ ವರ್ಗವನ್ನು ಸೂಚಿಸುತ್ತವೆ. ಆಮೇಲೆ ರಾಜ್ಯದ ಎರಡು ಅಕ್ಷರ, ಸ್ಥಾಪನೆಯ ವರ್ಷ, ಕಂಪನಿಯ ಬಗೆ, ಕಡೆಗೆ ಆರು ಅಂಕಿಯ ನೋಂದಣಿ ಸಂಖ್ಯೆ ಬರುತ್ತವೆ. ಇಲ್ಲಿ ರಾಜ್ಯದ ಅಕ್ಷರಗಳ ಜೊತೆಗೆ ಕೊನೆಯ ಆರು ಅಂಕಿಗಳೂ ಬದಲಾಗಿವೆ, ವರ್ಷ ಮಾತ್ರ 1965 ಆಗಿಯೇ ಉಳಿದಿದೆ. ನೋಂದಣಿ ಸಂಖ್ಯೆ ಆಯಾ ರಾಜ್ಯದ ಕಂಪನಿ ರಿಜಿಸ್ಟ್ರಾರ್ ಕಚೇರಿಯ ಸರಣಿಗೆ ಸೇರಿದ್ದು. ಹೊಸ ರಾಜ್ಯಕ್ಕೆ ಬಂದವರಿಗೆ ಅಲ್ಲಿನ ಸರಣಿಯಲ್ಲಿ ಬಂದ ಹೊತ್ತಿನ ಸಂಖ್ಯೆ ಸಿಗುತ್ತದೆ. ನಾನು ಆ ದಿನ ಎರಡು ಸಿಐಎನ್‌ಗಳನ್ನು ಒಂದರ ಕೆಳಗೊಂದು ಬರೆದು ನೋಡಿದ್ದರೆ, ನಿನ್ನೆ ಮೊನ್ನೆ ಹುಟ್ಟಿದ್ದೆಂದು ನಾನು ತಿಳಿದ ಕಂಪನಿಗೆ ಹಳೆಯದರ ಸ್ಥಾಪನಾ ವರ್ಷವೇ ಹೇಗೆ ಬಂತು ಎಂಬ ಪ್ರಶ್ನೆ ಏಳುತ್ತಿತ್ತು.

ಇದನ್ನು ಅರಿತ ಮೇಲೆ ಹಳೆಯ ಸಿಐಎನ್ ಕೈಯಲ್ಲಿಲ್ಲದಿದ್ದರೂ ವಲಸೆ ಬಂದ ಕಂಪನಿಯನ್ನು ಗುರುತಿಸಬಹುದು. ವಿಪ್ರೊ ಕಂಪನಿಯ ಸಿಐಎನ್ L32102KA1945PLC020800. ಇದರಲ್ಲಿ KA ಮತ್ತು 1945 ಅಕ್ಕಪಕ್ಕದಲ್ಲಿವೆ, ಆದರೆ 1945ರಲ್ಲಿ ಅದು ಕರ್ನಾಟಕದಲ್ಲಿ ನೋಂದಣಿಯಾಯಿತು ಎಂದು ಇದನ್ನು ಓದಬಾರದು. ವರ್ಷ ಹುಟ್ಟಿದ್ದನ್ನು ಹೇಳುತ್ತದೆ, ರಾಜ್ಯ ಈಗ ಇರುವುದನ್ನು ಹೇಳುತ್ತದೆ. 1978ರಲ್ಲಿ ಸ್ಥಾಪನೆಯಾದ ಬಯೋಕಾನ್‌ನ ಸಂಖ್ಯೆ ಇದೇ ಕರ್ನಾಟಕದ ಸರಣಿಯಲ್ಲಿ 003417 ಆಗಿರುವಾಗ, 1945ರ ಕಂಪನಿಗೆ 020800 ಬಂದಿದೆ ಎಂದರೆ ಅದು ಬಹಳ ತಡವಾಗಿ ಈ ಸರಣಿಗೆ ಸೇರಿದೆ ಎಂದೇ ಅರ್ಥ. 1981ರಲ್ಲಿ ಮಹಾರಾಷ್ಟ್ರದಲ್ಲಿ ಸ್ಥಾಪನೆಯಾದ ಇನ್ಫೋಸಿಸ್‌ಗೆ 013115 ಸಂಖ್ಯೆ ಇರುವುದಕ್ಕೂ ಕಾರಣ ಇದೇ. ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ: ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿಯ ಸಿಐಎನ್‌ನಲ್ಲಿ AP ಹೋಗಿ TG ಬಂದಿತು, ಆದರೆ 004507 ಎಂಬ ಸಂಖ್ಯೆ ಬದಲಾಗಲಿಲ್ಲ. ಅಲ್ಲಿ ಕಂಪನಿ ಎಲ್ಲಿಗೂ ಹೋಗಿರಲಿಲ್ಲ, 2014ರಲ್ಲಿ ರಾಜ್ಯವೇ ವಿಭಜನೆಯಾಗಿತ್ತು.

ನನ್ನ ತಪ್ಪು ಹೊರಬಿದ್ದುದು ತ್ರೈಮಾಸಿಕ ಟಿಡಿಎಸ್ ವಿವರ ತಯಾರಿಸುವಾಗ. 26ಕ್ಯೂ ನಮೂನೆಗೆ ಪ್ಯಾನ್ ಪ್ರಕಾರ ಪಟ್ಟಿ ಮಾಡುತ್ತಿದ್ದ ನನ್ನ ಸಹೋದ್ಯೋಗಿ, “ಸಾರ್, ಈ ಎರಡು ವೆಂಡರ್‌ಗಳಿಗೆ ಒಂದೇ ಪ್ಯಾನ್ ಇದೆಯಲ್ಲ, ಒಂದನ್ನು ತಪ್ಪಾಗಿ ಹಾಕಿದ್ದೀರಾ?” ಎಂದು ಕೇಳಿದರು. ತಪ್ಪಾಗಿ ಹಾಕಿರಲಿಲ್ಲ. ಕಂಪನಿ ರಾಜ್ಯ ಬದಲಿಸಿದರೂ ಪ್ಯಾನ್ ಬದಲಾಗುವುದಿಲ್ಲ. ಆ ಪ್ಯಾನ್ ಎರಡೂ ಬಿಲ್ಲುಗಳಲ್ಲಿ ನನ್ನ ಕಣ್ಣೆದುರೇ ಇತ್ತು, ಏಕೆಂದರೆ ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ಮೂರನೆಯದರಿಂದ ಹನ್ನೆರಡನೆಯದರವರೆಗಿನ ಹತ್ತು ಅಕ್ಷರಗಳು ಪ್ಯಾನ್. ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಆ ಹತ್ತು ಅಕ್ಷರಗಳ ಮೇಲೆ ಬೆರಳಾಡಿಸಿದ್ದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ನೀವು ಮೊದಲು ಮಾಡಬೇಕಾದುದು ಇದನ್ನೇ.

ನಾವು ಹಣ ಕೇಳಿದಾಗ ಅವರು ಬಾಕಿಯನ್ನು ಅಲ್ಲಗಳೆಯಲಿಲ್ಲ. ಆದರೆ ಸ್ಥಳಾಂತರದ ಖರ್ಚಿನಲ್ಲಿ ಮುಳುಗಿದ್ದ ಅವರು ಅದನ್ನು ಕಂತುಗಳಲ್ಲಿ, ಬಡ್ಡಿಯಿಲ್ಲದೆ, ಎಂಟು ತಿಂಗಳಲ್ಲಿ ತೀರಿಸಿದರು. ನಮಗೆ ಮೊದಲೇ ಏಕೆ ತಿಳಿಸಲಿಲ್ಲ ಎಂದು ನಾನು ಅವರ ಮೇಲೆ ಸಿಟ್ಟಾಗಿದ್ದೆ. ಕಾನೂನನ್ನು ಓದಿದ ಮೇಲೆ ಸಿಟ್ಟು ಕಾನೂನಿನ ಕಡೆಗೆ ತಿರುಗಿತು. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಸರು ಬದಲಿಸಿದ ಕಂಪನಿ ಎರಡು ವರ್ಷ ಹಳೆಯ ಹೆಸರನ್ನೂ ಬಿಲ್ಲು ಮತ್ತು ಪತ್ರಗಳ ಮೇಲೆ ಮುದ್ರಿಸಬೇಕು. ರಾಜ್ಯ ಬದಲಿಸಿ ಹೊಸ ಸಿಐಎನ್ ಪಡೆದ ಕಂಪನಿ ಹಳೆಯ ಸಿಐಎನ್ ಮುದ್ರಿಸಬೇಕೆಂದು ಆ ಸೆಕ್ಷನ್ ಹೇಳುವುದಿಲ್ಲ. ಇದು ದೊಡ್ಡ ಕೊರತೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ವ್ಯವಹಾರದಲ್ಲಿ ಎಲ್ಲರೂ ಗುರುತಿಗಾಗಿ ನೋಡುವುದು ಅದೇ ಸಂಖ್ಯೆಯನ್ನು.

ಎರಡೂ ಬಿಲ್ಲುಗಳ ಪ್ಯಾನ್ ತಾಳೆಯಾದ ಮೇಲೆ ಕಂಪನಿಯಿಂದ ಒಂದೇ ಒಂದು ಕಾಗದವನ್ನು ಕೇಳಿ: ರಾಜ್ಯ ಬದಲಾವಣೆಯ ಆದೇಶವನ್ನು ನೋಂದಾಯಿಸಿದ್ದಕ್ಕೆ ಹೊಸ ರಾಜ್ಯದ ರಿಜಿಸ್ಟ್ರಾರ್ ಕೊಟ್ಟಿರುವ ಪ್ರಮಾಣಪತ್ರದ ಪ್ರತಿ. ಕಂಪನಿ ವಿಶೇಷ ನಿರ್ಣಯದ ಮೂಲಕ ತನ್ನ ಸ್ಥಾಪನಾ ದಾಖಲೆಯಾದ ಮೆಮೊರಾಂಡಮ್‌ನಲ್ಲಿ ನೋಂದಾಯಿತ ಕಚೇರಿಯನ್ನು ಇಂಥ ರಾಜ್ಯದಿಂದ ಇಂಥ ರಾಜ್ಯಕ್ಕೆ ಬದಲಿಸಿದೆ, ಕೇಂದ್ರ ಸರ್ಕಾರದ ಪ್ರಾದೇಶಿಕ ನಿರ್ದೇಶಕರು ಇಂಥ ದಿನಾಂಕದ ಆದೇಶದಿಂದ ಅದನ್ನು ದೃಢಪಡಿಸಿದ್ದಾರೆ ಎಂದು ಅದರಲ್ಲಿ ಬರೆದಿರುತ್ತದೆ, ಹೊಸ ಸಿಐಎನ್ ಕೂಡ ಇರುತ್ತದೆ. ಕಾಯ್ದೆಯ 13ನೇ ಸೆಕ್ಷನ್ ಇದನ್ನು ‘ಹೊಸ ಸ್ಥಾಪನಾ ಪ್ರಮಾಣಪತ್ರ’ ಎಂಬ ಅರ್ಥದಲ್ಲಿ ಕರೆಯುವುದರಿಂದ ಓದಿದವರಿಗೆ ಹೊಸ ಕಂಪನಿಯೇ ಹುಟ್ಟಿದಂತೆ ತೋರುತ್ತದೆ, ಆದರೆ ಹೊಸದಾದುದು ಪ್ರಮಾಣಪತ್ರ ಮಾತ್ರ. ಅದರ ದಿನಾಂಕವನ್ನು ಗುರುತು ಹಾಕಿಕೊಳ್ಳಿ. ನೋಂದಣಿಯಾಗುವವರೆಗೆ ಬದಲಾವಣೆಗೆ ಬಲವಿಲ್ಲ, ಆದ್ದರಿಂದ ಅದಕ್ಕಿಂತ ಮೊದಲಿನ ಒಪ್ಪಂದ, ಬಿಲ್ಲು, ವಾರ್ಷಿಕ ವರದಿಗಳಲ್ಲಿ ಹಳೆಯ ಸಿಐಎನ್ ಇರುವುದೇ ಸರಿ. ಅವುಗಳನ್ನು ತಿದ್ದಿಸಲು ಹೋಗಬೇಡಿ.

ಹೊಸ ಒಪ್ಪಂದ ಬೇಡವೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಎದುರಿಗಿರುವುದು ಅದೇ ಕಾನೂನುಬದ್ಧ ವ್ಯಕ್ತಿ, ಹಳೆಯ ಒಪ್ಪಂದ ಹಾಗೆಯೇ ಅದನ್ನು ಕಟ್ಟಿಹಾಕುತ್ತದೆ. ಅದರ ಮೇಲೆ ಹೊಸದನ್ನು ಬರೆದರೆ ಹಳೆಯ ಬಾಕಿ, ಹಳೆಯ ಖಾತರಿ ಉಳಿಯಿತೇ ಹೋಯಿತೇ ಎಂಬ ವಿವಾದಕ್ಕೆ ನೀವೇ ಬಾಗಿಲು ತೆರೆದಂತಾಗುತ್ತದೆ. ವಿಳಾಸ ಮತ್ತು ಸಿಐಎನ್ ಬದಲಾವಣೆಯನ್ನು ತಿಳಿಸುವ ಪತ್ರವೊಂದನ್ನು ಅವರಿಂದ ಪಡೆದು ಹಳೆಯ ಒಪ್ಪಂದದ ಜೊತೆ ಇಟ್ಟರೆ ಸಾಕು.

ಪ್ಯಾನ್‌ನ ಆ ಹತ್ತು ಅಕ್ಷರಗಳು ತಾಳೆಯಾಗದಿದ್ದರೆ ಮಾತ್ರ ನಾನು ಹೇಳಿದ್ದೆಲ್ಲ ತಲೆಕೆಳಗಾಗುತ್ತದೆ. ಆಗ ಹೆಸರು ಎಷ್ಟೇ ಒಂದೇ ಆಗಿದ್ದರೂ ಅದು ಬೇರೆ ಕಂಪನಿ, ನೀವು ಬೇರೆ ಒಪ್ಪಂದದ ಬಗ್ಗೆಯೇ ಯೋಚಿಸಬೇಕು. ಕಂಪನಿ ವಿದೇಶಕ್ಕೆ ಹೋಯಿತು ಎಂದು ಯಾರಾದರೂ ಹೇಳಿದಾಗಲೂ ಹೀಗೆಯೇ. 13ನೇ ಸೆಕ್ಷನ್ ರಾಜ್ಯದಿಂದ ರಾಜ್ಯಕ್ಕೆ ಮಾತ್ರ ದಾರಿ ಕೊಡುತ್ತದೆ, ಭಾರತದ ಕಂಪನಿ ತನ್ನ ನೋಂದಾಯಿತ ಕಚೇರಿಯನ್ನು ಅದರ ಮೂಲಕ ದೇಶದ ಹೊರಗೆ ಒಯ್ಯಲಾಗದು. ಅಲ್ಲಿರುವುದು ಅಲ್ಲಿ ಸ್ಥಾಪನೆಯಾದ ಇನ್ನೊಂದು ಕಂಪನಿ. ಅಮೆರಿಕದಲ್ಲಿ ಲೆಕ್ಕ ಬೇರೆ: ಟೆಸ್ಲಾ 2024ರಲ್ಲಿ ಡೆಲವೇರ್ ಬಿಟ್ಟು ಟೆಕ್ಸಸ್ ಕಂಪನಿಯಾದಾಗ ಅಲ್ಲಿನ ಷೇರು ನಿಯಂತ್ರಕರ ದಾಖಲೆಯಲ್ಲಿ ಅದರ 1318605 ಎಂಬ ಸಂಖ್ಯೆ ಬದಲಾಗಲಿಲ್ಲ, ಏಕೆಂದರೆ ಆ ಸಂಖ್ಯೆಯೊಳಗೆ ರಾಜ್ಯವನ್ನು ಹೆಣೆದಿಲ್ಲ.

ನಮ್ಮ ವೆಂಡರ್ ಪಟ್ಟಿಯನ್ನು ಆಮೇಲೆ ಪ್ಯಾನ್ ಆಧಾರದ ಮೇಲೆ ಮತ್ತೆ ಕಟ್ಟಿದೆವು. ಸಿಐಎನ್ ಕಾಲಂನ ಪಕ್ಕದಲ್ಲಿ ‘ಹಿಂದಿನ ಸಿಐಎನ್’ ಮತ್ತು ‘ಯಾವ ದಿನಾಂಕದವರೆಗೆ’ ಎಂಬ ಎರಡು ಕಾಲಂ ಸೇರಿಸಿದೆವು. ಆ ಎರಡರಲ್ಲಿ ಮೊದಲು ತುಂಬಿದ್ದು ಅದೇ ಕಂಪನಿಯ ಸಾಲು. ಅದರ ಎರಡು ಕೋಡ್‌ಗಳನ್ನು ಒಂದು ಮಾಡಿದ ದಿನ ಮುಂಗಡದ ಕೊನೆಯ ಕಂತೂ ಜಮೆಯಾಗಿತ್ತು.